ಆಗೊಮ್ಮೆ ಈಗೊಮ್ಮೆ ಬರುವ ಗೆಲುವು

ಮಕ್ಕಳೇ, 2007ರಲ್ಲಿ ಸರ್ಕಾರ ನಿಷೇಧಿಸುವವರೆಗೆ ನಮ್ಮ ಚಾಮರಾಜಪೇಟೆಯಲ್ಲೂ ಲಾಟರಿ ಟಿಕೆಟ್ ಮಾರುತ್ತಿದ್ದರು. ಸೋತವರೇ ಹೆಚ್ಚು. ಆದರೂ ಮರುದಿನ ಮತ್ತೆ ಕೊಳ್ಳುತ್ತಿದ್ದರು. ಏಕೆ?

ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳಿಗೆ ಗುಂಡಿ ಕುಕ್ಕಿ ಕಾಳು ಪಡೆಯುವುದನ್ನು ಕಲಿಸಿದರು. ಪ್ರತಿ ಸಲವೂ ಬರುತ್ತಿದ್ದ ಕಾಳು ನಿಂತುಹೋದರೆ ಪಾರಿವಾಳ ಬೇಗ ಸುಮ್ಮನಾಗುತ್ತದೆ. ಕಾಳು ಒಮ್ಮೆ ಮೂರನೇ ಕುಕ್ಕಿಗೆ, ಇನ್ನೊಮ್ಮೆ ಇಪ್ಪತ್ತನೆಯದಕ್ಕೆ ಬರುತ್ತಿದ್ದರೆ, ನಿಂತುಹೋದದ್ದೇ ಅದಕ್ಕೆ ತಿಳಿಯುವುದಿಲ್ಲ. ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ನಮ್ಮ ಮಿದುಳೂ ಹಾಗೆಯೇ. ಗೊತ್ತಿರುವ ಬಹುಮಾನಕ್ಕಿಂತ ನಿರೀಕ್ಷಿಸದೆ ಬಂದದ್ದಕ್ಕೆ ಹೆಚ್ಚು ಹಿಗ್ಗುತ್ತದೆ.

ನಾನು ಬ್ಯಾಂಕಿನವನು, ಲೆಕ್ಕ ಹೇಳುತ್ತೇನೆ. ಹತ್ತು ರೂಪಾಯಿಯ ಇಪ್ಪತ್ತು ಟಿಕೆಟ್ ಕೊಂಡವನಿಗೆ ಎರಡು ಸಲ ಐವತ್ತು ಬಂತೆನ್ನಿ. ಖರ್ಚು 200, ಬಂದದ್ದು 100. ಮನಸ್ಸಿನಲ್ಲಿ ಉಳಿಯುವುದು ಆ ಎರಡು ಗೆಲುವು, ಪುಸ್ತಕದಲ್ಲಿ ಉಳಿಯುವುದು 100 ರೂಪಾಯಿ ನಷ್ಟ. ‘ಇಷ್ಟು ಸೋತಿದ್ದೇನೆ, ಇನ್ನು ಬಂದೇ ಬರುತ್ತೆ’ ಎನ್ನುತ್ತಾನೆ. ಮುಂದಿನ ಟಿಕೆಟ್ಟಿಗೆ ಹಿಂದಿನ ಸೋಲು ಗೊತ್ತೇ ಇರುವುದಿಲ್ಲ.

ಮೊಬೈಲ್ ಆಟದಲ್ಲಿ ಏನು ಸಿಗುತ್ತದೋ ತಿಳಿಯದ ಉಡುಗೊರೆ ಪೆಟ್ಟಿಗೆ ಇರುತ್ತದಲ್ಲ, ಅದೂ ಇದೇ ಜಾತಿ. ಎಷ್ಟು ಸಲ ತೆರೆದಿರಿ, ಎಷ್ಟು ಸಲ ಬೇಕಾದದ್ದು ಬಂತು, ಒಂದು ವಾರ ಬರೆದಿಡಿ.