ಬಾಂಡ್‌ನಲ್ಲಿ ಬರೆದ ಹಣ ಪೂರ್ತಿ ಕಟ್ಟಬೇಕೇ? ಕರಾರು ಮುರಿದಾಗ ಕೋರ್ಟ್ ಕೊಡಿಸುವುದೆಷ್ಟು?

ಮೂರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟ ಅಧಿಕಾರಿಯಿಂದ 2 ಲಕ್ಷ ರೂಪಾಯಿ ವಸೂಲಿ ಮಾಡಿದ್ದ ವಿಜಯಾ ಬ್ಯಾಂಕ್‌ನ ಕ್ರಮವನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಹಣ ಹಿಂತಿರುಗಿಸಬೇಕೆಂದಿದ್ದ ಕರ್ನಾಟಕ ಹೈಕೋರ್ಟ್ ತೀರ್ಪು ಇದರಿಂದ ರದ್ದಾಯಿತು. ಪುಣೆ, ಹೈದರಾಬಾದ್, ಚೆನ್ನೈನ ಕಂಪನಿಗಳಲ್ಲಿ ಬಾಂಡ್‌ಗೆ ಸಹಿ ಹಾಕಿ ಕೆಲಸಕ್ಕೆ ಸೇರಿದ ಅನೇಕರಿಗೆ ಆಗ ಮೂಡಿದ ಪ್ರಶ್ನೆ ಒಂದೇ: ಹಾಗಾದರೆ ಕರಾರಿನಲ್ಲಿ ಬರೆದಷ್ಟೂ ಹಣ ಕಟ್ಟಲೇಬೇಕೇ?

ಇಲ್ಲ. ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 74ರ ಪ್ರಕಾರ, ಕರಾರಿನಲ್ಲಿ ನಮೂದಿಸಿದ ಮೊತ್ತ ಒಂದು ಗರಿಷ್ಠ ಮಿತಿ ಮಾತ್ರ. ಆ ಮಿತಿಯೊಳಗೆ 'ಸಮಂಜಸ ಪರಿಹಾರ' ಎಷ್ಟೆಂಬುದನ್ನು ಕೋರ್ಟ್ ನಿರ್ಧರಿಸುತ್ತದೆ. ನಷ್ಟದ ಅಂದಾಜಾಗಿ ಮೊದಲೇ ಗೊತ್ತುಪಡಿಸಿದ ಪರಿಹಾರಕ್ಕೂ, ಎದುರಿನವರನ್ನು ಹೆದರಿಸಲು ಹಾಕಿದ ದಂಡಕ್ಕೂ ಇಂಗ್ಲೆಂಡಿನ ಕಾನೂನು 2015ರವರೆಗೆ ಗೆರೆ ಎಳೆಯುತ್ತಿತ್ತು. ಮೊದಲನೆಯದು ಪೂರ್ತಿ ಸಿಗುತ್ತಿತ್ತು, ಎರಡನೆಯದು ಊರ್ಜಿತವಾಗುತ್ತಿರಲಿಲ್ಲ. ನಮ್ಮ ಕಾಯ್ದೆ ಎರಡನ್ನೂ ಒಂದೇ ಅಳತೆಗೋಲಿಗೆ ಒಳಪಡಿಸಿದೆ.

25 ಸಾವಿರದಲ್ಲಿ ಉಳಿದದ್ದು ಒಂದು ಸಾವಿರ

ಇದು ಹೇಗೆ ನಡೆಯುತ್ತದೆಂಬುದಕ್ಕೆ 1963ರ ಫತೇಹ್ ಚಂದ್ ಪ್ರಕರಣವೇ ಇಂದಿಗೂ ಆಧಾರ. ದೆಹಲಿಯ ಒಂದು ಬಂಗಲೆಯನ್ನು 1,12,500 ರೂ.ಗೆ ಮಾರುವ ಕರಾರು 1949ರಲ್ಲಿ ಆಗಿತ್ತು. ಖರೀದಿದಾರ ಖಾತರಿ ಮುಂಗಡವಾಗಿ 1,000 ರೂ., ಸ್ವಾಧೀನ ಪಡೆಯುವಾಗ 24,000 ರೂ. ಕೊಟ್ಟಿದ್ದ. ಮಾರಾಟ ಪೂರ್ತಿಯಾಗದಿದ್ದರೆ ಪೂರ್ತಿ 25,000 ರೂ. ಮುಟ್ಟುಗೋಲು ಎಂಬ ಷರತ್ತಿತ್ತು. ಮಾರಾಟ ಮುರಿದುಬಿತ್ತು.

ಬೆಲೆಯ ಶೇ 10ರಷ್ಟು, ಅಂದರೆ 11,250 ರೂ. ಮಾರಾಟಗಾರ ಇಟ್ಟುಕೊಳ್ಳಬಹುದು ಎಂದು ಹೈಕೋರ್ಟ್ ಹೇಳಿತು. ಸುಪ್ರೀಂ ಕೋರ್ಟ್ ಅದನ್ನೂ ಒಪ್ಪಲಿಲ್ಲ. ಆಸ್ತಿಯ ಬೆಲೆ ಕುಸಿದು ನಷ್ಟವಾಯಿತು ಎನ್ನಲು ಸಾಕ್ಷ್ಯವಿಲ್ಲದಿರುವಾಗ ಶೇ 10 ಎಂಬ ಲೆಕ್ಕಕ್ಕೆ ಆಧಾರವೇನು ಎಂಬುದು ಅದರ ನಿಲುವು. ಕೊನೆಗೆ ಮಾರಾಟಗಾರನಿಗೆ ಉಳಿದದ್ದು ಮುಂಗಡದ ಸಾವಿರ ರೂಪಾಯಿ. ಖರೀದಿದಾರ ಬಂಗಲೆಯನ್ನು ಅನುಭವಿಸಿದ ಅವಧಿಗೆ ಕೊಡಬೇಕಾದ ಹಣ ಬೇರೆ ಲೆಕ್ಕ.

2015ರ ಕೈಲಾಶ್ ನಾಥ್ ಪ್ರಕರಣದಲ್ಲಿ ಈ ತತ್ವ ಇನ್ನಷ್ಟು ಸ್ಪಷ್ಟವಾಯಿತು. ಹರಾಜಿನಲ್ಲಿ 3.12 ಕೋಟಿ ರೂ.ಗೆ ಕೂಗಿದ್ದ ನಿವೇಶನದ 78 ಲಕ್ಷ ರೂ. ಮುಂಗಡವನ್ನು ದೆಹಲಿ ಅಭಿವೃದ್ಧಿ ಪ್ರಾಧಿಕಾರ ಮುಟ್ಟುಗೋಲು ಹಾಕಿಕೊಂಡಿತ್ತು. ಅದೇ ನಿವೇಶನ ಮುಂದೆ 11.78 ಕೋಟಿಗೆ ಹೋಯಿತು. ಖರೀದಿದಾರರು ಕರಾರು ಮುರಿದೇ ಇಲ್ಲ ಎಂದ ಕೋರ್ಟ್, ಪ್ರಾಧಿಕಾರಕ್ಕೆ ನಷ್ಟದ ಬದಲು ಲಾಭವೇ ಆಗಿದೆ ಎಂದೂ ಹೇಳಿ ಹಣ ವಾಪಸು ಕೊಡಿಸಿತು.

ನಷ್ಟ ಬೇಕು, ಪುರಾವೆ ಯಾವಾಗಲೂ ಬೇಡ

'ನಷ್ಟ ಸಾಬೀತಾಗಲಿ, ಬಿಡಲಿ ಪರಿಹಾರ ಸಿಗುತ್ತದೆ' ಎಂಬ ಮಾತು ಸೆಕ್ಷನ್ 74ರಲ್ಲೇ ಇದೆ. ಇದರ ಅರ್ಥ ನಷ್ಟವೇ ಬೇಡ ಎಂದಲ್ಲ. ನಷ್ಟ ಆಗಿದ್ದು ಅದನ್ನು ರೂಪಾಯಿ ಲೆಕ್ಕದಲ್ಲಿ ತೋರಿಸುವುದು ಕಷ್ಟವಾದಾಗ ಮಾತ್ರ, ಕರಾರಿನ ಅಂಕಿ ಪ್ರಾಮಾಣಿಕ ಅಂದಾಜಾಗಿದ್ದರೆ ಕೋರ್ಟ್ ಅದನ್ನೇ ಒಪ್ಪುತ್ತದೆ. ತೈಲಬಾವಿಯ ಪೈಪುಗಳು ತಡವಾಗಿ ಬಂದ ಒಎನ್‌ಜಿಸಿ–ಸಾ ಪೈಪ್ಸ್ ಪ್ರಕರಣದಲ್ಲಿ (2003) ಆದದ್ದು ಇದೇ. ನಷ್ಟವನ್ನು ಸುಲಭವಾಗಿ ಲೆಕ್ಕಹಾಕಬಹುದಾದ ಕಡೆ ದಾಖಲೆ ಕೊಡಲೇಬೇಕು.

ಹಾಗಾದರೆ ಬ್ಯಾಂಕ್ ಗೆದ್ದದ್ದು ಹೇಗೆ?

ವಿಜಯಾ ಬ್ಯಾಂಕ್ ಪ್ರಕರಣದ ಮುಖ್ಯ ಪ್ರಶ್ನೆ ನಷ್ಟದ ಲೆಕ್ಕವಾಗಿರಲಿಲ್ಲ. ಇಂಥ ಷರತ್ತು ಉದ್ಯೋಗ ಸ್ವಾತಂತ್ರ್ಯಕ್ಕೆ ತಡೆಯೇ, ಸಾರ್ವಜನಿಕ ನೀತಿಗೆ ವಿರುದ್ಧವೇ ಎಂಬುದು ಚರ್ಚೆಯ ವಿಷಯವಾಗಿತ್ತು. ಸರ್ಕಾರಿ ಬ್ಯಾಂಕ್ ಖಾಲಿ ಹುದ್ದೆಯನ್ನು ಖಾಸಗಿಯಾಗಿ ತುಂಬಿಕೊಳ್ಳುವಂತಿಲ್ಲ, ಮತ್ತೆ ಜಾಹೀರಾತು ಕೊಟ್ಟು ಮುಕ್ತ ಸ್ಪರ್ಧೆ ನಡೆಸಬೇಕು, ಅದಕ್ಕೆ ಹಣವೂ ಸಮಯವೂ ಬೇಕು ಎಂಬ ವಾದವನ್ನು ಕೋರ್ಟ್ ಒಪ್ಪಿತು. ಹಿರಿಯ ಶ್ರೇಣಿಯ ಅಧಿಕಾರಿಯ ಸಂಬಳಕ್ಕೆ 2 ಲಕ್ಷ ರೂ. ರಾಜೀನಾಮೆಯನ್ನೇ ಅಸಾಧ್ಯಗೊಳಿಸುವಷ್ಟು ದೊಡ್ಡ ಮೊತ್ತವಲ್ಲ ಎಂದೂ ಹೇಳಿತು.

ಈ ಎರಡು ಕಾರಣಗಳು ಎಲ್ಲ ಕಂಪನಿಗಳಿಗೂ ತಾನಾಗಿಯೇ ಅನ್ವಯಿಸುವುದಿಲ್ಲ. ತಿಂಗಳಿಗೆ 25,000 ರೂ. ಸಂಬಳದ ಹೊಸಬನಿಂದ 5 ಲಕ್ಷ ಕೇಳುವ ಖಾಸಗಿ ಕಂಪನಿಯನ್ನು ಊಹಿಸಿಕೊಳ್ಳಿ. ಅದು ಕೊಟ್ಟದ್ದು ಎರಡು ವಾರದ ಆಂತರಿಕ ತರಬೇತಿ ಮಾತ್ರ, ಎರಡು ವರ್ಷದ ಬಾಂಡ್‌ನಲ್ಲಿ ಉದ್ಯೋಗಿ 18 ತಿಂಗಳು ದುಡಿದಿದ್ದಾನೆ. ಇಲ್ಲಿ ತರಬೇತಿಯ ಖರ್ಚೆಷ್ಟು, ಎಷ್ಟು ಅವಧಿ ಬಾಕಿ ಇತ್ತು, ಆ ಜಾಗಕ್ಕೆ ಇನ್ನೊಬ್ಬರನ್ನು ತರಲು ಆದ ವೆಚ್ಚವೇನು ಎಂಬ ಪ್ರಶ್ನೆಗಳಿಗೆ ಕಂಪನಿ ಉತ್ತರಿಸಬೇಕಾಗುತ್ತದೆ. ಉತ್ತರವಿಲ್ಲದಿದ್ದರೆ 5 ಲಕ್ಷ ಎಂಬುದು ಕಾಗದದ ಮೇಲಿನ ಮಿತಿಯಾಗಿಯೇ ಉಳಿಯುವ ಸಾಧ್ಯತೆ ಹೆಚ್ಚು.

ಆದರೆ ಇದೆಲ್ಲ ವಿವಾದ ಕೋರ್ಟ್ ಮೆಟ್ಟಿಲೇರಿದಾಗಿನ ಮಾತು. ವಿಜಯಾ ಬ್ಯಾಂಕ್ ಅಧಿಕಾರಿ 2009ರಲ್ಲಿ ಪ್ರತಿಭಟನೆ ದಾಖಲಿಸಿ ಹಣ ಕಟ್ಟಿದ್ದರು, ಅಂತಿಮ ತೀರ್ಪು ಬಂದದ್ದು 2025ರಲ್ಲಿ. ಅನುಭವ ಪತ್ರ, ಬಾಕಿ ಸಂಬಳ ತಡೆಹಿಡಿದಿರುವಾಗ ಅಷ್ಟು ಕಾಲ ಕಾಯುವ ಶಕ್ತಿ ಹೊಸಬರಿಗೆ ಇರುವುದಿಲ್ಲ. ಕೋರ್ಟ್‌ನಲ್ಲಿ ಪೂರ್ತಿ ಸಿಗಲಾರದ ಮೊತ್ತವನ್ನೂ ಬಾಂಡ್‌ನಲ್ಲಿ ಬರೆಯುವವರು ನೆಚ್ಚಿಕೊಂಡಿರುವುದು ಈ ಅಸಹಾಯಕತೆಯನ್ನೇ.