ಊರಿನ ಮನೆಯಲ್ಲಿ ಮೈಕು, ಗಲ್ಫಿನಲ್ಲಿ ಕೇಸು

ಗಲ್ಫ್ ದೇಶಗಳಲ್ಲಿ ವೀಸಾ ತೊಡಕಿಗೆ ಸಿಕ್ಕಿಬಿದ್ದ ಕಾರ್ಮಿಕನ ಸುದ್ದಿ ಕನ್ನಡದ ಪತ್ರಿಕೆ, ಚಾನೆಲ್‌ಗಳಿಗೆ ಹೆಚ್ಚಾಗಿ ಸಿಗುವುದು ಅವನ ಮನೆಯ ಜಗಲಿಯಲ್ಲಿ. ವರದಿಗಾರ ಅಲ್ಲಿಗೆ ಹೋಗುತ್ತಾನೆ. ತಾಯಿ ಅಳುತ್ತಾಳೆ, ಹೆಂಡತಿ ಮೊಬೈಲ್‌ನಲ್ಲಿರುವ ಫೋಟೊ ತೋರಿಸುತ್ತಾಳೆ. ಸಂಜೆಯ ಹೊತ್ತಿಗೆ ‘ಸೌದಿಯಲ್ಲಿ ಕನ್ನಡಿಗ ಒತ್ತೆಯಾಳು’ ಎಂಬ ಶೀರ್ಷಿಕೆ ಸಿದ್ಧವಾಗಿರುತ್ತದೆ. ಈ ಬಗೆಯ ವರದಿಗೆ ಕರುಣೆಯ ಕೊರತೆಯಿಲ್ಲ. ಮನೆಯವರಿಗೆ ಗೊತ್ತಿಲ್ಲದ್ದನ್ನೇ ಅವರಿಂದ ಕೇಳುವುದು, ಅವರಿಗೆ ಚೆನ್ನಾಗಿ ಗೊತ್ತಿರುವುದನ್ನು ಕೇಳದೆ ಬರುವುದು ಇದರ ದೋಷ.

ಗಲ್ಫಿನಲ್ಲಿರುವವನ ಕಾನೂನು ಸ್ಥಿತಿ ಮನೆಯವರಿಗೆ ತಿಳಿದಿರುವುದು ಅಪರೂಪ. ಸಾಲ ಮಾಡಿ ಹೋದವನು ಕಷ್ಟವನ್ನು ತಿಂಗಳುಗಟ್ಟಲೆ ಮುಚ್ಚಿಡುತ್ತಾನೆ. ಇಕಾಮಾ, ಅಂದರೆ ಸೌದಿಯ ವಾಸದ ಪರವಾನಗಿ, ಯಾರ ಹೆಸರಿನಡಿ ಇದೆ, ಅದರಲ್ಲಿ ಯಾವ ಉದ್ಯೋಗ ನಮೂದಾಗಿದೆ, ಅವಧಿ ಯಾವತ್ತು ಮುಗಿಯಿತು ಎಂಬುದನ್ನು ಅವನು ಹೆಂಡತಿಗೂ ಹೇಳಿರುವುದಿಲ್ಲ. ಮನೆಯವರಿಗೆ ಗೊತ್ತಿರುವುದು ಇಷ್ಟೇ: ಸಂಬಳ ಬರುತ್ತಿಲ್ಲ, ಪಾಸ್‌ಪೋರ್ಟ್ ಕೈಯಲ್ಲಿಲ್ಲ, ‘ಅರಬಿ’ ಬಿಡುತ್ತಿಲ್ಲ.

ಬಂಟ್ವಾಳದ ಕಡೆಯ ಯುವಕನೊಬ್ಬನನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಅವನು ಹೋದದ್ದು ‘ಫ್ರೀ ವೀಸಾ’ದಲ್ಲಿ. ಹೀಗೊಂದು ವೀಸಾ ಸೌದಿ ಕಾನೂನಿನಲ್ಲಿ ಇಲ್ಲ. ಯಾರೋ ಒಬ್ಬ ಸೌದಿ ಪ್ರಜೆ ತನ್ನ ಮನೆಗೆ ಡ್ರೈವರ್ ಬೇಕೆಂದು ವೀಸಾ ತೆಗೆಸಿ, ಅದನ್ನು ದಲ್ಲಾಳಿಗಳ ಮೂಲಕ ಮಾರಿರುತ್ತಾನೆ. ಇಕಾಮಾದಲ್ಲಿ ಯುವಕ ಆ ಮನೆಯ ಡ್ರೈವರ್. ನಿಜವಾಗಿ ಅವನು ದಮ್ಮಾಮ್‌ನ ಒಂದು ಬೂಫಿಯಾದಲ್ಲಿ ಚಹಾ, ಸ್ಯಾಂಡ್‌ವಿಚ್ ಮಾಡುತ್ತಿದ್ದಾನೆ. ಅಂಗಡಿಯವನು ನಾಲ್ಕು ತಿಂಗಳ ಸಂಬಳ ನಿಲ್ಲಿಸುತ್ತಾನೆ. ಅತ್ತ ಕಫೀಲ್, ಅಂದರೆ ವೀಸಾ ಕೊಟ್ಟ ಪ್ರಾಯೋಜಕ, ಇಕಾಮಾ ನವೀಕರಿಸಲು ಇನ್ನಷ್ಟು ಹಣ ಕೇಳುತ್ತಾನೆ. ಯುವಕ ಮನೆಗೆ ಫೋನ್ ಮಾಡಿ ಅಳುತ್ತಾನೆ. ಕ್ಯಾಮೆರಾ ಬರುತ್ತದೆ. “ನನ್ನ ಮಗ ದಮ್ಮಾಮ್‌ನಲ್ಲಿ ಹೋಟೆಲ್ ಕೆಲಸದಲ್ಲಿದ್ದ, ಧನಿಗಳು ಸಂಬಳ ಕೊಡದೆ ಕೂಡಿಹಾಕಿದ್ದಾರೆ” ಎನ್ನುತ್ತಾಳೆ ತಾಯಿ.

ಅವಳು ಸುಳ್ಳು ಹೇಳಲಿಲ್ಲ. ಆದರೆ ಆ ಒಂದು ಮಾತಿನಲ್ಲಿ ಇಬ್ಬರು ಬೇರೆ ಬೇರೆ ಧನಿಗಳು ಒಬ್ಬರೇ ಆಗಿಬಿಟ್ಟರು. ಅಷ್ಟೇ ಅಲ್ಲ, ಕಫೀಲ್ ಅಲ್ಲದವನ ಬಳಿ ಮಗ ದುಡಿಯುತ್ತಿದ್ದ ಎಂಬುದು ಟಿವಿಯಲ್ಲೇ ಒಪ್ಪಿಕೊಂಡಂತಾಯಿತು. ಸೌದಿಯಲ್ಲಿ ಅದು ಅಪರಾಧ. ಶಿಕ್ಷೆ, ಗಡೀಪಾರು ಎರಡಕ್ಕೂ ಕಾರಣವಾಗಬಲ್ಲದು. ಸುದ್ದಿ ಹಬ್ಬಿದ ಮೇಲೆ ರಾಯಭಾರ ಕಚೇರಿಯವರು ಕಫೀಲ್‌ನನ್ನು ವಿಚಾರಿಸಿದರೆ, “ಅವನು ನನ್ನ ಮನೆ ಬಿಟ್ಟು ಹೋಗಿ ಎಷ್ಟೋ ಕಾಲವಾಯಿತು” ಎಂಬ ಉತ್ತರ ಅವನ ಬಾಯಲ್ಲಿ ಸಿದ್ಧವಾಗಿರುತ್ತದೆ. ಅದುವರೆಗೆ ಸುಮ್ಮನಿದ್ದ ಕಫೀಲ್ ಆಗ ‘ಹುರೂಬ್’ ದೂರು ದಾಖಲಿಸಲೂಬಹುದು. ಕೆಲಸಗಾರ ಪರಾರಿಯಾಗಿದ್ದಾನೆ ಎಂಬುದೇ ಆ ದೂರು. ಒಮ್ಮೆ ಅದು ದಾಖಲಾದರೆ ಬೇರೆ ಕೆಲಸಕ್ಕೆ ವರ್ಗವಾಗುವ ದಾರಿ, ಎಕ್ಸಿಟ್ ಪಡೆದು ಊರಿಗೆ ಮರಳುವ ನೇರ ದಾರಿ ಎರಡೂ ಮುಚ್ಚಿಹೋಗಬಹುದು. ಆಗ ಉಳಿಯುವುದು ಗಡೀಪಾರು ಕೇಂದ್ರದ ಸಾಲು. 2022ರ ಅಕ್ಟೋಬರ್‌ನಲ್ಲಿ ಸೌದಿ ಸರ್ಕಾರ ಕಂಪನಿ ಕಾರ್ಮಿಕರಿಗೆ ಒಂದು ಸಡಿಲಿಕೆ ಕೊಟ್ಟಿತು: ಗೈರುಹಾಜರಿ ದಾಖಲಾದ 60 ದಿನಗಳೊಳಗೆ ಅವರು ಬೇರೆ ಕೆಲಸಕ್ಕೆ ಸೇರಬಹುದು ಅಥವಾ ದೇಶ ಬಿಡಬಹುದು. ಮನೆ ಡ್ರೈವರ್ ಕಂಪನಿ ಕಾರ್ಮಿಕನಲ್ಲ. 2021ರ ಕಾರ್ಮಿಕ ಸುಧಾರಣೆಯೂ ಮನೆಗೆಲಸದವರನ್ನು ಹೊರಗೇ ಇಟ್ಟಿತ್ತು. ಹೀಗಾಗಿ ವೀಸಾದಲ್ಲಿ ಯಾವ ಉದ್ಯೋಗ ಬರೆದಿದೆ ಎಂದು ನೋಡದೆ ಬರೆದ ವರದಿ, ಕಾರ್ಮಿಕನ ಮುಂದೆ ಯಾವ ಬಾಗಿಲು ತೆರೆದಿದೆ ಎಂಬ ಮೂಲ ವಿಷಯದಲ್ಲೇ ಎಡವುತ್ತದೆ.

ಕಾರ್ಮಿಕನೇ ಕಳಿಸಿದ ವಿಡಿಯೊವನ್ನು ಮನೆಯವರಿಂದ ಪಡೆದು ಪ್ರಸಾರ ಮಾಡುವುದು ಇದಕ್ಕಿಂತ ಅಪಾಯಕಾರಿ. ಸೌದಿಯ 2007ರ ಸೈಬರ್ ಅಪರಾಧ ಕಾನೂನಿನಲ್ಲಿ ಮೊಬೈಲ್, ಕಂಪ್ಯೂಟರ್ ಬಳಸಿ ಇನ್ನೊಬ್ಬರ ಮಾನಹಾನಿ ಮಾಡಿದವರಿಗೆ ಒಂದು ವರ್ಷದವರೆಗೆ ಜೈಲು, 5 ಲಕ್ಷ ರಿಯಾಲ್‌ವರೆಗೆ ದಂಡವಿದೆ. ಮಾಲೀಕನ ಹೆಸರು ಹಿಡಿದು ಬೈದ ವಿಡಿಯೊ ಬೆಂಗಳೂರಿನ ಸ್ಟುಡಿಯೊಗೆ ಟಿಆರ್‌ಪಿ, ಬೈದವನಿಗೆ ಎರಡನೆಯ ಕೇಸು. ಮನೆಯವರು ಒಪ್ಪಿದ್ದಾರೆ ಎನ್ನುವುದು ಇಲ್ಲಿ ಸಬೂಬಾಗದು, ಕೇಸು ಬೀಳುವುದು ಅವರ ಮೇಲಲ್ಲ. ಕಾರ್ಮಿಕನೊಂದಿಗೆ ಮಾತಾಡಿ ಅವನ ಒಪ್ಪಿಗೆ ಪಡೆಯಬೇಕು. ಅದು ಸಾಧ್ಯವಾಗದಿದ್ದರೆ ಹೆಸರು, ಮುಖ, ಊರು, ಕೆಲಸದ ಜಾಗ ಯಾವುದೂ ಹೊರಬೀಳಬಾರದು.

ಸುದ್ದಿಯಾದದ್ದರಿಂದಲೇ ಎಷ್ಟೋ ಜನ ಮರಳಿ ಬಂದಿದ್ದಾರೆ ಎಂಬುದು ಸುದ್ದಿಮನೆಯ ಉತ್ತರ. ಇದರಲ್ಲಿ ಹುರುಳಿಲ್ಲದಿಲ್ಲ. ಪತ್ರಿಕೆಯಲ್ಲಿ ಫೋಟೊ ಬಂದ ಮೇಲೆ ಸಂಸದರು ಟ್ವೀಟ್ ಮಾಡಿ, ಕಡತ ಮೇಜಿನಿಂದ ಮೇಜಿಗೆ ಓಡಿದ್ದುಂಟು. ಆದರೆ ಒತ್ತಡ ಫಲ ಕೊಡುವುದು ಕಡತ ಇದ್ದಾಗ. ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ ‘ಮದದ್’ ಪೋರ್ಟಲ್‌ನಲ್ಲಿ ಕುಟುಂಬದವರೇ ದೂರು ಕೊಡಬಹುದು. ಟಿಕೆಟ್ಟಿಗೆ ದುಡ್ಡಿಲ್ಲದವರಿಗೆ ರಾಯಭಾರ ಕಚೇರಿಗಳಲ್ಲಿ 2009ರಿಂದ ಸಮುದಾಯ ಕಲ್ಯಾಣ ನಿಧಿಯೂ ಇದೆ. ದೂರು ಕೊಟ್ಟ ದಿನ, ಅದರ ಸಂಖ್ಯೆ, ಬಂದ ಉತ್ತರ ಇವನ್ನು ಬರೆದ ವರದಿ ಅಧಿಕಾರಿಯನ್ನು ಹೊಣೆಗಾರನಾಗಿಸುತ್ತದೆ. ಬರೀ ಕಣ್ಣೀರು ಬರೆದ ವರದಿಗೆ ‘ಗಮನಕ್ಕೆ ಬಂದಿದೆ’ ಎಂಬ ಉತ್ತರ ಸಾಕಾಗುತ್ತದೆ.

ಮನೆಯವರಿಗೆ ನಿಜವಾಗಿ ಗೊತ್ತಿರುವುದು ಊರಿನಲ್ಲಿ ನಡೆದ ಭಾಗ. ಯಾರು ಕಳಿಸಿದರು, ಎಷ್ಟು ಹಣ ಕೊಟ್ಟರು, ಹೇಗೆ ಕೊಟ್ಟರು, ವೀಸಾ ಪ್ರತಿ ಯಾವ ನಂಬರಿನಿಂದ ವಾಟ್ಸ್ಆ್ಯಪ್‌ಗೆ ಬಂತು, ವಿಮಾನ ಎಲ್ಲಿ ಹತ್ತಿದ. ಹತ್ತನೆಯ ತರಗತಿ ಪಾಸಾಗದವನ ಪಾಸ್‌ಪೋರ್ಟ್‌ನಲ್ಲಿ ಸಾಮಾನ್ಯವಾಗಿ ‘ಇಸಿಆರ್’ ನಮೂದು ಇರುತ್ತದೆ. ಅಂಥವನು ಸೌದಿ, ಕುವೈತ್ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವಾಗ ಎಮಿಗ್ರೇಷನ್ ಅನುಮತಿ ಪಡೆಯಬೇಕು. ಭೇಟಿ ವೀಸಾಕ್ಕೆ ಅದು ಬೇಡ. ಅದಕ್ಕೇ ಏಜೆಂಟರು ಭೇಟಿ ವೀಸಾದಲ್ಲಿ ದುಬೈಗೆ ಹತ್ತಿಸಿ, ಅಲ್ಲಿ ಕೆಲಸದ ವೀಸಾ ಮಾಡಿಸುತ್ತೇವೆ ಎನ್ನುತ್ತಾರೆ. ಹಾಗೆ ಹೋದವನ ಕರಾರು ಸರ್ಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಇರುವುದೇ ಇಲ್ಲ. ಮಹಿಳೆಯರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 30 ವರ್ಷ ತುಂಬದ ಇಸಿಆರ್ ಮಹಿಳೆಯನ್ನು ಈ ದೇಶಗಳಿಗೆ ಮನೆಗೆಲಸಕ್ಕೆ ಕಳಿಸುವಂತಿಲ್ಲ. ಅಂಥ 24ರ ಹುಡುಗಿ ಕುವೈತ್‌ನ ಅಡುಗೆಮನೆಯಲ್ಲಿದ್ದಾಳೆ ಎಂದರೆ ಮೋಸ ನಡೆದದ್ದು ಅವಳು ವಿಮಾನ ಹತ್ತುವ ಮೊದಲೇ.

ಇದನ್ನು ಪತ್ತೆಹಚ್ಚಲು ಗಲ್ಫಿಗೆ ಹೋಗಬೇಕಿಲ್ಲ. ಪಾಸ್‌ಪೋರ್ಟ್ ಪ್ರತಿ, ವೀಸಾ ಹಾಳೆ, ಹಣ ಪಾವತಿಯ ಪುರಾವೆ ಮೂರೂ ಮನೆಯವರ ಬೀರುವಿನಲ್ಲೋ ಮೊಬೈಲ್‌ನಲ್ಲೋ ಸಿಗುತ್ತವೆ. ಅರಬಿ ಓದಬಲ್ಲವರು ಕರಾವಳಿಯ ಪ್ರತಿ ಪೇಟೆಯಲ್ಲೂ ಇದ್ದಾರೆ. 1983ರ ಎಮಿಗ್ರೇಷನ್ ಕಾಯ್ದೆಯ 10ನೇ ಕಲಮಿನ ಪ್ರಕಾರ ನೋಂದಣಿ ಇಲ್ಲದವರು ವಿದೇಶಕ್ಕೆ ಕೆಲಸಗಾರರನ್ನು ಕಳಿಸುವಂತಿಲ್ಲ. ನೋಂದಾಯಿತ ಏಜೆಂಟ್ ಕೂಡ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ. ಒಂದೂವರೆ ಲಕ್ಷ ಕೊಟ್ಟೆವು ಎಂದು ತಾಯಿ ಹೇಳಿದ ಕ್ಷಣದಲ್ಲೇ ಸುದ್ದಿಯ ಆರೋಪಿ ಯಾರೆಂಬುದು ತಿಳಿಯುತ್ತದೆ. ಆದರೂ ವರದಿಗಳಲ್ಲಿ ಕಾಣುವ ಖಳನಾಯಕ ಕ್ರೂರಿ ಅರಬಿ, ಊರಿನ ಏಜೆಂಟ್ ‘ಪರಿಚಯಸ್ಥರೊಬ್ಬರು’ ಎಂಬ ಒಂದು ಪದದಲ್ಲಿ ಪಾರಾಗುತ್ತಾನೆ. ದೂರದ ಅರಬಿಯನ್ನು ಬೈಯಲು ಧೈರ್ಯ ಬೇಕಿಲ್ಲ. ಏಜೆಂಟ್‌ನಾದರೋ ಮರುದಿನ ಪೇಟೆಯಲ್ಲಿ ಎದುರಾಗುವವನು.

ಎಮಿಗ್ರೇಷನ್ ಕಾಯ್ದೆಯಡಿ ಮೊಕದ್ದಮೆ ಹೂಡಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು, ಅನೇಕ ಪ್ರಕರಣಗಳು ಅಲ್ಲೇ ಕೊಳೆಯುತ್ತವೆ. ಆದರೆ 27ನೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ: ವಲಸೆ ಹೋದವನ ಪರವಾಗಿ ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು ಅಥವಾ ಒಡಹುಟ್ಟಿದವರು ದೂರು ಕೊಟ್ಟರೆ ಆ ಅನುಮತಿ ಬೇಕಿಲ್ಲ. ಅಂದರೆ ಕ್ಯಾಮೆರಾ ಮುಂದೆ ಅಳಲು ಕೂರಿಸಿದ ಆ ತಾಯಿಯೇ ಕಾನೂನಿನ ದೃಷ್ಟಿಯಲ್ಲಿ ಅರ್ಹ ದೂರುದಾರಳು. ಇದನ್ನು ಅವಳಿಗೂ ಓದುಗರಿಗೂ ತಿಳಿಸದ ಸಂದರ್ಶನವನ್ನು ಸಂಪಾದಕರು ಅಚ್ಚಿಗೆ ಕಳಿಸಬಾರದು.