ಲೇಸರೇ ಮೇಲು ಎನ್ನುವವರೊಂದಿಗೆ ಒಂದು ವಿನಯದ ತಕರಾರು

2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ತೀರ್ಮಾನಿಸಿತು. 2007ರಲ್ಲಿ ಹುಟ್ಟಿದ ಜಿಲ್ಲೆಗೆ ಹದಿನೆಂಟು ತುಂಬುವ ಹೊತ್ತಿಗೆ ಮರುನಾಮಕರಣ. ಹೆಸರು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆಯವರಿಗಿರಲಿ. ನನ್ನ ಗಮನ ಹೋಗುವುದು ಚನ್ನಪಟ್ಟಣದ ಬೊಂಬೆ ಅಂಗಡಿಯ ಬಟ್ಟೆ ಚೀಲದ ಮೇಲೆ. ಅದರ ಕೆಳಗಿನ ವಿಳಾಸದಲ್ಲಿ ಜಿಲ್ಲೆಯ ಹೆಸರು ಬದಲಾಗಬೇಕೆಂದರೆ ಸ್ಕ್ರೀನ್ ಬದಲಾಗಬೇಕು, ಸ್ಕ್ರೀನ್ ಬದಲಾಗಬೇಕೆಂದರೆ ಹೊಸ ಫಿಲ್ಮ್ ಬೇಕು. ಆ ಫಿಲ್ಮನ್ನು ಯಾವ ಪ್ರಿಂಟರಿನಲ್ಲಿ ತೆಗೆಯಬೇಕು ಎಂಬ ಪ್ರಶ್ನೆಗೆ ನಮ್ಮ ಊರುಗಳಲ್ಲಿ ಸಿಗುವ ಸಿದ್ಧ ಉತ್ತರ ಒಂದೇ: "ಲೇಸರ್‌ನಲ್ಲೇ ತೆಗೆಸಿ, ಅದೇ ಪಕ್ಕಾ."

ಹೀಗೆ ಹೇಳುವವರು ಅನುಭವವಿಲ್ಲದವರಲ್ಲ. ಲೇಸರ್ ಅಕ್ಷರದ ಅಂಚು ಚೂಪಾಗಿರುತ್ತದೆ, ನೀರು ಬಿದ್ದರೆ ಹರಡುವುದಿಲ್ಲ, ಹೊರಬಂದ ತಕ್ಷಣ ಕೈಯಲ್ಲಿ ಹಿಡಿಯಬಹುದು. ಕಚೇರಿ ಪತ್ರಕ್ಕೆ, ಕರಪತ್ರಕ್ಕೆ ಈ ಮಾತು ನೂರಕ್ಕೆ ನೂರು ನಿಜ. ಆದರೆ ಪಾರದರ್ಶಕ ಹಾಳೆಗೂ ಟೀ ಶರ್ಟಿಗೆ ಇಸ್ತ್ರಿ ಹಾಕುವ ಟ್ರಾನ್ಸ್‌ಫರ್ ಪೇಪರಿಗೂ ಇದನ್ನೇ ಅನ್ವಯಿಸಿದರೆ ಕೆಲಸ ಕೆಡುತ್ತದೆ. ಕೆಲವೊಮ್ಮೆ ಪ್ರಿಂಟರೂ ಕೆಡುತ್ತದೆ.

ಮೊದಲು ಪ್ರಿಂಟರ್ ಕೆಡುವ ಸಂಗತಿ. ಲೇಸರ್ ಪ್ರಿಂಟರಿನ ಒಳಗೆ ಟೋನರ್ ಪುಡಿಯನ್ನು ಹಾಳೆಗೆ ಕರಗಿಸಿ ಅಂಟಿಸುವ ಫ್ಯೂಸರ್ ಇರುತ್ತದೆ. ಅದರ ಬಿಸಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್. ಸ್ಟೇಷನರಿ ಅಂಗಡಿಗೆ ಹೋಗಿ ಓಎಚ್‌ಪಿ ಶೀಟ್ ಕೇಳಿದರೆ ಎಷ್ಟೋ ಸಲ ಕೈಗೆ ಬರುವುದು ಸ್ಪೈರಲ್ ಬೈಂಡಿಂಗಿನ ಮೇಲ್ಹೊದಿಕೆಗೆ ಹಾಕುವ ಪ್ಲಾಸ್ಟಿಕ್. ಅದು ಬಹುಪಾಲು ಪಿವಿಸಿ. 100 ಡಿಗ್ರಿಯೂ ಬೇಕಿಲ್ಲ, ಮೆತ್ತಗಾಗುತ್ತದೆ. ಫ್ಯೂಸರಿಗೆ ಹೋದರೆ ಉರುಳೆಗೆ ಸುತ್ತಿಕೊಳ್ಳುತ್ತದೆ. ಲೇಸರಿಗೆಂದೇ ಮಾಡಿದ ಫಿಲ್ಮ್ ಬಿಸಿ ತಡೆಯುವಂತೆ ಹದ ಮಾಡಿದ ಪಾಲಿಯೆಸ್ಟರ್. ಇನ್ನು ಇಂಕ್‌ಜೆಟ್ ಫಿಲ್ಮಿನ ಒಂದು ಬದಿಗೆ ಶಾಯಿ ಹೀರುವ ತೆಳು ಲೇಪ ಇರುತ್ತದೆ, ಫ್ಯೂಸರಿನ ಬಿಸಿಗೆ ಆ ಲೇಪ ಅಂಟಂಟಾಗುತ್ತದೆ. ಇದಕ್ಕೆ ತಿರುಗುಮುರುಗಾಗಿ ಲೇಸರ್ ಫಿಲ್ಮನ್ನು ಇಂಕ್‌ಜೆಟ್‌ಗೆ ಹಾಕಿದರೆ ಪ್ರಿಂಟರಿಗೇನೂ ಆಗುವುದಿಲ್ಲ, ಶಾಯಿ ಮಾತ್ರ ಹನಿಹನಿಯಾಗಿ ನಿಂತು ಗಂಟೆ ಕಳೆದರೂ ಒಣಗುವುದಿಲ್ಲ. ಯಾವ ಫಿಲ್ಮ್ ಎಂದು ಗೊತ್ತಾಗದಿದ್ದರೆ ಬೆರಳು ಒದ್ದೆ ಮಾಡಿ ಮೂಲೆಗೆ ಒತ್ತಿ ನೋಡಿ. ಬೆರಳಿಗೆ ಜಿಗುಟು ಹತ್ತಿದರೆ ಅದು ಇಂಕ್‌ಜೆಟ್ ಫಿಲ್ಮ್, ಹತ್ತಿದ ಬದಿಗೇ ಅಚ್ಚು ಬೀಳಬೇಕು. ಎರಡೂ ಬದಿ ಗಾಜಿನಂತೆ ಜಾರಿದರೆ ಪೊಟ್ಟಣದ ಮೇಲೆ ಲೇಸರ್ ಎಂದು ಬರೆದಿದೆಯೇ ನೋಡದೆ ಯಾವ ಪ್ರಿಂಟರಿಗೂ ಹಾಕಬೇಡಿ.

ಈಗ ನಮ್ಮ ಚೀಲಕ್ಕೆ ಬರೋಣ. ಸ್ಕ್ರೀನಿಗೆ ಬಳಿಯುವ ಎಮಲ್ಷನ್ ಬೆಳಕು ತಾಗಿದ ಕಡೆ ಗಟ್ಟಿಯಾಗುತ್ತದೆ. ಫಿಲ್ಮಿನ ಕಪ್ಪು ಬೆಳಕನ್ನು ತಡೆದ ಕಡೆ ಹಸಿಯಾಗಿಯೇ ಉಳಿದು, ನೀರು ಬಿಟ್ಟಾಗ ತೊಳೆದುಹೋಗಿ, ಅಕ್ಷರದ ದಾರಿ ತೆರೆಯುತ್ತದೆ. ಅಂದರೆ ಫಿಲ್ಮಿನ ಕಪ್ಪಿಗೆ ಇರುವ ಕೆಲಸ ಕಣ್ಣಿಗೆ ಕಪ್ಪಾಗಿ ಕಾಣುವುದಲ್ಲ, ಬೆಳಕನ್ನು, ಅದರಲ್ಲೂ ನೇರಳಾತೀತ ಬೆಳಕನ್ನು, ತಡೆಯುವುದು. ಲೇಸರ್ ಸೋಲುವುದು ಇಲ್ಲಿ. ಲೇಸರ್ ಫಿಲ್ಮನ್ನು ಮೊಬೈಲ್ ಟಾರ್ಚಿಗೆ ಹಿಡಿಯಿರಿ. ಮೇಜಿನ ಮೇಲೆ ಕಡುಗಪ್ಪಾಗಿದ್ದ ಅಂಗಡಿಯ ಹೆಸರು ಬೂದಿ ಬಣ್ಣಕ್ಕೆ ತಿರುಗಿ, ಒಳಗೆ ಸೂಜಿಮೊನೆಯಷ್ಟು ತೂತುಗಳು ಮಿನುಗುತ್ತವೆ.

ಇದರ ಪರಿಣಾಮ ಬೀಳುವುದು ಸಣ್ಣ ಅಕ್ಷರದ ಮೇಲೆ. ಚೀಲದ ನೆತ್ತಿಯಲ್ಲಿ ಎರಡಿಂಚಿನ ಹೆಸರು, ಕೆಳಗೆ ಹನ್ನೆರಡು ಪಾಯಿಂಟಿನಲ್ಲಿ "ಚನ್ನಪಟ್ಟಣ, ಬೆಂಗಳೂರು ದಕ್ಷಿಣ ಜಿಲ್ಲೆ" ಎಂದಿದೆ ಎಂದುಕೊಳ್ಳಿ. ಒಂದೇ ಸಾಲಿನಲ್ಲಿ ನ ಒತ್ತು, ಟ ಒತ್ತು, ಲ ಒತ್ತು. ಎಮಲ್ಷನ್ ಪೂರ್ತಿ ಗಟ್ಟಿಯಾಗುವಷ್ಟು ಹೊತ್ತು ಬೆಳಕಿಗಿಟ್ಟರೆ ಬೂದು ಟೋನರಿನ ಮೂಲಕವೂ ಬೆಳಕು ನುಗ್ಗುತ್ತದೆ, ಒತ್ತಕ್ಷರದ ಜಾಗವೂ ಗಟ್ಟಿಯಾಗಿ ನೀರಿಗೆ ಜಗ್ಗುವುದಿಲ್ಲ. ಅದಕ್ಕೆ ಹೆದರಿ ಬೇಗ ತೆಗೆದರೆ ಒತ್ತಕ್ಷರ ತೆರೆಯುತ್ತದೆ ನಿಜ, ಆದರೆ ಸುತ್ತಲಿನ ಎಮಲ್ಷನ್ನೂ ಅರೆಬೆಂದಂತಿದ್ದು ತೊಳೆಯುವಾಗಲೇ ಕಿತ್ತುಬರುತ್ತದೆ. ಎರಡರ ನಡುವಿನ ಸರಿಯಾದ ಹೊತ್ತು ಲೇಸರ್ ಫಿಲ್ಮಿಗೆ ತೀರ ಕಿರಿದು. ಬಿಸಿಲಿಗೆ ಹಿಡಿದು ಎಕ್ಸ್‌ಪೋಸ್ ಮಾಡುವವರಿಗಂತೂ ಮೋಡ ಬಂದು ಹೋದರೂ ಲೆಕ್ಕ ತಪ್ಪುತ್ತದೆ. ಚೀಲ ಎರಡು ಬಣ್ಣದ್ದಾದರೆ ಇನ್ನೊಂದು ತೊಡಕು: ಫ್ಯೂಸರಿನ ಬಿಸಿಗೆ ಫಿಲ್ಮ್ ಕೂದಲೆಳೆಯಷ್ಟು ಕುಗ್ಗುವುದುಂಟು, ಎರಡು ಫಿಲ್ಮುಗಳು ಒಂದೇ ಅಳತೆಗೆ ಕುಗ್ಗುತ್ತವೆಂಬ ಖಾತರಿಯಿಲ್ಲ.

"ನಾವು ಬಟರ್ ಪೇಪರಿಗೆ ಲೇಸರ್ ಹೊಡೆದು, ಎಣ್ಣೆ ಸವರಿ, ವರ್ಷಗಟ್ಟಲೆ ಮದುವೆ ಕಾರ್ಡ್ ಮಾಡಿದ್ದೇವಲ್ಲ?" ಎಂದು ಹಳಬರು ಕೇಳಿದರೆ ಅವರ ಮಾತನ್ನು ಒಪ್ಪಲೇಬೇಕು. ದೊಡ್ಡ ಅಕ್ಷರದ ಒಂದೇ ಬಣ್ಣದ ಕೆಲಸಕ್ಕೆ ಅದು ಸಾಕು, ಅಗ್ಗವೂ ಹೌದು. ಅಲ್ಲಿ ಗೆಲ್ಲುವುದು ಅವರ ಕೈಯ ಅಂದಾಜು. ಆ ಅಂದಾಜು ಇಲ್ಲದ ಹೊಸಬರಿಗೆ ಪ್ರಿಂಟರಿನ ಹೆಸರನ್ನು ಮಾತ್ರ ದಾಟಿಸಿದರೆ ಪ್ರಯೋಜನವಿಲ್ಲ. ಲೇಸರೇ ಗತಿ ಎಂದಾದರೆ Toner Save ಆಫ್ ಮಾಡಿ, ಡೆನ್ಸಿಟಿ ಏರಿಸಿ, ಪೇಪರ್ ಬಗೆಯಲ್ಲಿ Transparency ಆರಿಸಿಕೊಂಡು, ಹಾಳೆ ಬಾಗದೆ ನೇರ ಹೊರಬರುವಂತೆ ಹಿಂಬದಿಯ ಬಾಗಿಲು ತೆರೆದು ಒಂದೊಂದೇ ಹಾಳೆ ಹಾಕಿ.

ನನ್ನ ಮತ ಮನೆಯ ಮೇಜಿನ ಮೇಲಿರುವ ಇಂಕ್ ಟ್ಯಾಂಕ್ ಪ್ರಿಂಟರಿಗೆ. ಆದರೆ ಸೆಟ್ಟಿಂಗ್ ತಪ್ಪಿದರೆ ಅದು ಲೇಸರಿಗಿಂತಲೂ ಕಡೆ. Plain Paper ಎಂದು ಬಿಟ್ಟರೆ ಪ್ರಿಂಟರ್ ಶಾಯಿಯನ್ನು ಜಿಪುಣತನದಿಂದ ಬಿಡುತ್ತದೆ. ಅಲ್ಲದೆ ಬಹಳಷ್ಟು ಇಂಕ್ ಟ್ಯಾಂಕ್‌ಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್ ಶಾಯಿ, ಉಳಿದ ಮೂರು ಡೈ ಶಾಯಿ. ಪಿಗ್ಮೆಂಟ್ ಎಂದರೆ ಕಣಗಳು. ಕೆಲವು ಫಿಲ್ಮುಗಳ ಲೇಪದೊಳಗೆ ಅವು ಇಳಿಯದೆ ಮೇಲೆಯೇ ಕೂತು ಬೆರಳಿಗೆ ಒರೆಸಿ ಬರುತ್ತವೆ. Photo Paper Glossy ಎಂದು ಆರಿಸಿದಾಗ ಇಂಥ ಪ್ರಿಂಟರ್ ಪಿಗ್ಮೆಂಟ್ ಕಪ್ಪನ್ನು ಬದಿಗಿಟ್ಟು ಮೂರು ಡೈ ಬಣ್ಣ ಬೆರೆಸಿ ಕಪ್ಪು ಕಟ್ಟುತ್ತದೆ, ಅದು ಲೇಪದೊಳಗೆ ಇಂಗುತ್ತದೆ. ನಿಮ್ಮ ಫಿಲ್ಮಿಗೆ ಯಾವುದು ಹೊಂದುತ್ತದೆಂದು ತಿಳಿಯಲು ವಿಳಾಸದ ಒಂದೇ ಸಾಲನ್ನು ಗ್ಲಾಸಿಗೊಮ್ಮೆ, ಮ್ಯಾಟ್‌ಗೊಮ್ಮೆ ತೆಗೆದು ಟಾರ್ಚಿಗೆ ಹಿಡಿದರಾಯಿತು. ಕ್ವಾಲಿಟಿ High ಇರಲಿ, High Speed ಗುರುತು ತೆಗೆದಿರಲಿ. ಮೊದಲು ನಾಝಲ್ ಚೆಕ್ ಮಾಡಿ: ಒಂದು ನಾಝಲ್ ಕಟ್ಟಿದ್ದರೂ ಕಪ್ಪಿನಲ್ಲಿ ಅಡ್ಡಗೆರೆಗಳು ಬಿಟ್ಟು, ಕಾಗದದಲ್ಲಿ ಕಾಣದ ಆ ಗೆರೆ ಸ್ಕ್ರೀನಿನಲ್ಲಿ ಕಾಣುತ್ತದೆ. ಶಾಯಿ ಹೆಚ್ಚಾದರೂ ಕಷ್ಟವೇ, ಒತ್ತಕ್ಷರದ ಅಂಚು ಊದಿಕೊಂಡು ಒಳಗಿನ ಕಿಂಡಿ ಮುಚ್ಚುತ್ತದೆ. ಹಾಗಾದರೆ ಒಂದು ಮೆಟ್ಟಿಲು ಇಳಿಸಿ. ನುಡಿಯಲ್ಲಿ ಟೈಪ್ ಮಾಡಿದ್ದನ್ನು ಕೋರೆಲ್‌ಡ್ರಾದಲ್ಲಿ ಕರ್ವ್ಸ್‌ಗೆ ಬದಲಿಸಿಯೇ ಬೇರೆ ಕಂಪ್ಯೂಟರಿಗೆ ಒಯ್ಯಬೇಕೆಂಬುದು ಡಿಟಿಪಿಯವರಿಗೆ ಹೇಳಬೇಕಾದ ಮಾತಲ್ಲ.

ಫಿಲ್ಮನ್ನು ಮಿರರ್ ಮಾಡಬಾರದು. ನೇರವಾಗಿ ತೆಗೆದು, ಶಾಯಿಯ ಬದಿ ಎಮಲ್ಷನ್ನಿಗೆ ತಾಗುವಂತೆ ಸ್ಕ್ರೀನಿನ ಹೊರಮೈಗೆ, ಅಂದರೆ ಚೀಲಕ್ಕೆ ತಾಗುವ ಮೈಗೆ ಇಡಬೇಕು. ಶಾಯಿ ಮೇಲ್ಬದಿಗಾದರೆ ಫಿಲ್ಮಿನ ದಪ್ಪದಷ್ಟು ಸಂದಿಯಲ್ಲಿ ಬೆಳಕು ಓರೆಯಾಗಿ ನುಸುಳಿ ಸಣ್ಣ ಗೆರೆಗಳನ್ನು ತಿಂದುಹಾಕುತ್ತದೆ.

ಇಸ್ತ್ರಿ ಹಾಕುವ ಟ್ರಾನ್ಸ್‌ಫರ್ ಪೇಪರಿನ ಕಥೆ ಬೇರೆ. ನವೆಂಬರ್ 1 ಹತ್ತಿರ ಬಂದಂತೆ ಹುಡುಗರು ಕೇಳುವುದು ಎರಡು ಬಗೆಯ ಟೀ ಶರ್ಟ್: ಹಳದಿಯ ಮೇಲೆ ಕೆಂಪಕ್ಷರ, ಕೆಂಪಿನ ಮೇಲೆ ಹಳದಿಯಕ್ಷರ. ಎರಡೂ ಒಂದೇ ಕೆಲಸದಂತೆ ಕಾಣುತ್ತವೆ, ಅಲ್ಲ. ಪ್ರಿಂಟರಿನಲ್ಲಿ ಬಿಳಿ ಶಾಯಿ ಇಲ್ಲ, ಉಳಿದ ಶಾಯಿಗಳೆಲ್ಲ ಪಾರದರ್ಶಕ. ತಿಳಿ ಬಟ್ಟೆಯ ಪೇಪರಿನಲ್ಲಿ ಕೆಂಪಕ್ಷರ ತೆಗೆದು ಹಳದಿ ಅಂಗಿಗೆ ಒತ್ತಿದರೆ ಕೆಂಪು ಕೆಂಪಾಗಿಯೇ ನಿಲ್ಲುತ್ತದೆ. ಅದೇ ಪೇಪರಿನಲ್ಲಿ ಹಳದಿ ತೆಗೆದು ಕೆಂಪು ಅಂಗಿಗೆ ಒತ್ತಿದರೆ ಅಕ್ಷರ ಮಾಯ, ಒಂದು ಹೊಳಪಿನ ಕಲೆ ಮಾತ್ರ ಉಳಿಯುತ್ತದೆ. ಅದಕ್ಕೆ ಗಾಢ ಬಟ್ಟೆಯ ಪೇಪರೇ ಬೇಕು. ಅದರಲ್ಲಿ ಬಿಳಿ ಪದರ ಇರುತ್ತದೆ, ಆದರೆ ಅಕ್ಷರದ ಸುತ್ತಲ ಬಿಳಿಯನ್ನು ಕತ್ತರಿಸಬೇಕು. ಕನ್ನಡದ ದುಂಡಕ್ಷರಗಳನ್ನು ಕತ್ತರಿಯಲ್ಲಿ ಬಿಡಿಸುವ ತಾಳ್ಮೆ ಯಾರಿಗಿದೆ? ಇಡೀ ಬರಹವನ್ನು ಒಂದು ಹಳದಿ ವೃತ್ತದೊಳಗೆ ಕೂರಿಸಿ ವೃತ್ತವನ್ನೇ ಕತ್ತರಿಸುವುದು ಜಾಣತನ.

ತಿಳಿ ಪೇಪರಿಗೆ ಮಿರರ್ ಕಡ್ಡಾಯ, ಗಾಢ ಪೇಪರಿಗೆ ಕೂಡದು. ಕೆಲವು ಪ್ರಿಂಟರ್‌ಗಳಲ್ಲಿ ಟ್ರಾನ್ಸ್‌ಫರ್ ಪೇಪರ್ ಎಂದು ಆರಿಸಿದ ಕೂಡಲೇ ಅದೇ ತಿರುಗಿಸಿಬಿಡುತ್ತದೆ. ನೀವೂ ಕೋರೆಲ್‌ನಲ್ಲಿ ತಿರುಗಿಸಿದ್ದರೆ ಅಕ್ಷರ ಮತ್ತೆ ನೇರವಾಗಿ, ಅಂಗಿಯ ಮೇಲೆ ಉಲ್ಟಾ ಬೀಳುತ್ತದೆ. ಮೊದಲು ಸಾದಾ ಕಾಗದದಲ್ಲಿ ತೆಗೆದು ನೋಡುವುದು ಒಳ್ಳೆಯದು.

ಇಲ್ಲಿ ಡೈ ಶಾಯಿಯ ಇಂಕ್ ಟ್ಯಾಂಕ್ ನನ್ನ ಕೈಯನ್ನೂ ಬಿಡುತ್ತದೆ. ಒಗೆದಾಗ ಬಣ್ಣ ಬಿಡುವುದು ಅದರ ಗುಣ. ನಾಲ್ಕೂ ಬಣ್ಣ ಪಿಗ್ಮೆಂಟ್ ಆಗಿರುವ ಪ್ರಿಂಟರ್ ಸಿಕ್ಕರೆ ಸರಿ. ಇಲ್ಲವಾದರೆ ಕಲರ್ ಲೇಸರಿಗೆಂದೇ ಮಾಡಿದ ಟ್ರಾನ್ಸ್‌ಫರ್ ಪೇಪರ್ ತಂದು ಕಲರ್ ಜೆರಾಕ್ಸ್ ಅಂಗಡಿಗೆ ಹೋಗಿ. ಇಂಕ್‌ಜೆಟ್ ಟ್ರಾನ್ಸ್‌ಫರ್ ಪೇಪರನ್ನು ತಮ್ಮ ಯಂತ್ರಕ್ಕೆ ಹಾಕುವುದಿಲ್ಲವೆಂದು ಅಂಗಡಿಯವರು ಹಟ ಹಿಡಿದರೆ ಬೇಸರ ಪಡಬೇಡಿ. ಇಸ್ತ್ರಿಗೆ ಕರಗಲೆಂದೇ ಬಳಿದ ಪದರ ಫ್ಯೂಸರಿನಲ್ಲೂ ಕರಗುತ್ತದೆ. ಒತ್ತುವಾಗ ಹಬೆ ಬೇಡ, ಮೆತ್ತನೆಯ ಹಾಸೂ ಬೇಡ. ಗಟ್ಟಿ ಮೇಜಿನ ಮೇಲೆ ಹತ್ತಿ ಬಟ್ಟೆಯ ಬಿಸಿಯಲ್ಲಿ ಮೈಭಾರ ಬಿಟ್ಟು, ಅಂಚುಗಳಿಗೆ ಒಂದು ಸುತ್ತು ಹೆಚ್ಚಾಗಿ ಒತ್ತಿ. ಮೊದಲ ಒಗೆತಕ್ಕೇ ಮೂಲೆ ಏಳುವುದು ಅಂಚಿಗೆ ಬಿಸಿ ಸಾಲದಾಗ. ರೇಷ್ಮೆ ಊರಿನವರೆಂದು ರೇಷ್ಮೆ ಶಲ್ಯದ ಮೇಲೆ ಪ್ರಯೋಗ ಮಾಡಬೇಡಿ, ಈ ಬಿಸಿಯನ್ನು ಅದು ತಾಳುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಐವತ್ತು ಅಂಗಿಗೆ ಐವತ್ತು ಟ್ರಾನ್ಸ್‌ಫರ್ ಹಾಳೆ ಖರ್ಚು ಮಾಡುವುದನ್ನು ನಾನು ಒಪ್ಪಲಾರೆ. ಒಂದೇ ಬಣ್ಣದ ಬರಹಕ್ಕೆ ಒಂದು ಫಿಲ್ಮ್, ಒಂದು ಸ್ಕ್ರೀನ್ ಸಾಕು. ದಪ್ಪನೆಯ ಸ್ಕ್ರೀನ್ ಶಾಯಿ ಕೆಂಪು ಅಂಗಿಯ ಮೇಲೂ ಹಳದಿಯಾಗಿಯೇ ಕೂರುತ್ತದೆ, ಟ್ರಾನ್ಸ್‌ಫರಿಗಿಂತ ಹೆಚ್ಚು ಒಗೆತಕ್ಕೂ ಬರುತ್ತದೆ. ಟ್ರಾನ್ಸ್‌ಫರ್ ಪೇಪರ್ ಇರಬೇಕಾದ್ದು ಒಂದೆರಡು ಅಂಗಿಗೆ, ಫೋಟೋ ಇರುವ ಅಂಗಿಗೆ. ಈ ಸಲದ ರಾಜ್ಯೋತ್ಸವಕ್ಕೆ ಅಂಗಿ ಮಾಡಿಸುವ ಸಂಘದವರು ಅಕ್ಟೋಬರ್ ಮಧ್ಯದೊಳಗೆ ಫಿಲ್ಮ್ ತೆಗೆಸಿ, ಸ್ಕ್ರೀನಿನವರಿಗೆ ಕೊಡುವ ಮುನ್ನ ಒಮ್ಮೆ ಟಾರ್ಚಿಗೆ ಹಿಡಿದು ನೋಡಿ.